8 ಲಕ್ಷ ವ್ಯೂಸ್‌ಗೆ 884 ರೂಪಾಯಿ: ಶಾರ್ಟ್ಸ್ ಲೆಕ್ಕ ನನಗ ತಿಳಿದಿದ್ದು ಹಿಂಗ

ನಮ್ಮದು ಕಲಬುರಗಿ. ಯೂಟ್ಯೂಬ್‌ನಾಗ ಸಣ್ಣ ಚಾನೆಲ್ ಅದ, ತೊಗರಿ, ಜೋಳ, ಹೊಲದ ಕೆಲಸ ಇಂಥಾವೇ ಹಾಕ್ತೀನಿ. ಹೋದ ಚಳಿಗಾಲದಾಗ ನಮ್ಮ ಅವ್ವ ರೊಟ್ಟಿ ಬಡಿಯೋದು ಒಂದು 40 ಸೆಕೆಂಡಿನ ಶಾರ್ಟ್ ಹಾಕಿದ್ದೆ, ಹಿಟ್ಟು ಕೈಯಾಗ ತಿರುಗ್ತಾ ತಿರುಗ್ತಾ ಅಗಲ ಆಗೋದು, ಹಂಚಿನ ಮ್ಯಾಲೆ ಬಿದ್ದ ಕೂಡ್ಲೇ ಒದ್ದಿ ಬಟ್ಟಿಲೆ ನೀರು ಸವರೋದು, ಅಷ್ಟೇ. 8 ಲಕ್ಷ ವ್ಯೂಸ್ ಬಂದ್ವು. ಕಾಕಾ ಅಂತೂ "ಏನಪಾ, ಗಾಡಿ ಯಾವಾಗ ತಗೋತಿ?" ಅಂತ ಕೇಳಿದ್ರು. ತಿಂಗಳು ಮುಗಿದ ಮ್ಯಾಲೆ ನೋಡಿದ್ರ ಅದಕ್ಕ ಬಂದಿದ್ದು 884 ರೂಪಾಯಿ. ಅದೇ ತಿಂಗಳು ತೊಗರಿ ನೆಟೆ ರೋಗದ ಬಗ್ಗೆ ಹಾಕಿದ್ದ 11 ನಿಮಿಷದ ವಿಡಿಯೋಕ್ಕ ಬರೇ 21 ಸಾವಿರ ವ್ಯೂಸ್, ಆದ್ರ ಅದಕ್ಕೂ 882 ರೂಪಾಯಿ ಬಂದಿತ್ತು.

ಮೊದಲ ನನಗ ಭಾಳ ಬ್ಯಾಸರ ಆಯ್ತು, ಆಮ್ಯಾಲೆ ಕೂತು ಒಂದೊಂದೇ ತೆಗೆದು ನೋಡಿದೆ. ಮೊದಲನೇದು, ಆ 8 ಲಕ್ಷ ದುಡ್ಡಿನ ಲೆಕ್ಕಕ್ಕ ಬರೋದೇ ಇಲ್ರಿ. 2025ರ ಮಾರ್ಚ್ 31ರಿಂದ ಶಾರ್ಟ್ ಶುರು ಆದ್ರ ಸಾಕು, ಅದು ಒಂದು ವ್ಯೂ ಅಂತ ತೋರಿಸ್ತಾರ, ಕೈಯಿಂದ ತಳ್ಳಿ ಮುಂದ ಹೋದ್ರೂನೂ. ದುಡ್ಡು ಕೊಡೋದು ಎಂಗೇಜ್ಡ್ ವ್ಯೂಸ್ ಮ್ಯಾಲೆ, ಅಂದ್ರ ನಿಂತು ನೋಡಿದ್ದು. ಅನಾಲಿಟಿಕ್ಸ್‌ನಾಗ ಬ್ಯಾರೆ ತೋರಿಸ್ತದ, ನಂದು 5.2 ಲಕ್ಷ ಇತ್ತು. ಅಂದ್ರ ಸಾವಿರಕ್ಕ 1.70 ರೂಪಾಯಿ. ತೊಗರಿ ವಿಡಿಯೋಕ್ಕ ಸಾವಿರಕ್ಕ 42 ಬಿದ್ದಿತ್ತು.

ಈಗ ಇಷ್ಟು ಫರಕ್ ಯಾಕ? ಲಾಂಗ್ ವಿಡಿಯೋದಾಗ ಜಾಹೀರಾತು ನನ್ನ ವಿಡಿಯೋ ಮ್ಯಾಲೇ ಬರ್ತದ, ಅದರಾಗ 55 ಪರ್ಸೆಂಟ್ ನನಗ. 8 ನಿಮಿಷ ದಾಟಿದ್ರ ನಡುವನೂ ಜಾಹೀರಾತು ಹಾಕಬಹುದು, ನಂದು 11 ನಿಮಿಷದ್ದು. ಶಾರ್ಟ್ಸ್‌ನಾಗ ಹಂಗಲ್ಲ, ಒಂದು ಶಾರ್ಟ್‌ಗೂ ಇನ್ನೊಂದಕ್ಕೂ ನಡುವ ಜಾಹೀರಾತು ಬರ್ತದ, ಅದು ಯಾರದು ಅಂತ ಹೇಳ್ಲಿಕ್ಕೆ ಆಗೂದಿಲ್ಲ. ಅದಕ್ಕ ತಿಂಗಳ ದುಡ್ಡೆಲ್ಲ ದೇಶದ ಲೆಕ್ಕದಾಗ ಒಂದೇ ಗಂಟಿನಾಗ ಹಾಕಿ, ವ್ಯೂಸ್ ಪ್ರಕಾರ ಪಾಲು ಮಾಡಿ, ಆ ಪಾಲಿನ್ಯಾಗ 45 ಪರ್ಸೆಂಟ್ ಕೈಗೆ ಕೊಡ್ತಾರ. ಈ ಪದ್ಧತಿ 2023ರ ಫೆಬ್ರವರಿ 1ಕ್ಕ ಶುರು ಆಗಿದ್ದು.

ನಮ್ಮ ಕಡೆ ಎಲ್ಲರೂ ಹೇಳೋ ಒಂದು ತಪ್ಪು ಮಾತದ, "ಹಾಡು ಹಾಕಬ್ಯಾಡ್ರಿ, ಅರ್ಧ ದುಡ್ಡು ಹಾಡಿನವ್ರಿಗೆ ಹೋಗ್ತದ" ಅಂತ. ನಾನೂ ನಂಬಿ ಆರು ತಿಂಗಳು ಒಂದೂ ಹಾಡು ಹಾಕಿದ್ದಿಲ್ಲ. ಲೆಕ್ಕ ನೋಡ್ರಿ, ಸಣ್ಣ ಸಂಖ್ಯೆ ಹಿಡಿಯೋಣ. ಒಂದು ತಿಂಗಳು 1 ಲಕ್ಷ ರೂಪಾಯಿ ಜಾಹೀರಾತು ದುಡ್ಡು ಬಂತು, ಅರ್ಧ ವ್ಯೂಸ್ ಹಾಡಿಲ್ಲದ ಶಾರ್ಟ್ಸ್‌ದು, ಅರ್ಧ ಒಂದು ಹಾಡಿದ್ದದ್ದು. ಹಾಡಿಲ್ಲದ್ದರ 50 ಸಾವಿರ ಪೂರಾ ಗಂಟಿಗೆ ಹೋಗ್ತದ. ಹಾಡಿದ್ದದ್ದರಾಗ 25 ಸಾವಿರ ಹಾಡಿನ ಲೈಸೆನ್ಸಿಗೆ, ಉಳಿದ 25 ಗಂಟಿಗೆ. ಎರಡು ಹಾಡಿದ್ರ ಮೂರರಾಗ ಎರಡು ಪಾಲು ಹಾಡಿಗೇ ಹೋಗ್ತದ. ನಮ್ಮ ಲೆಕ್ಕದಾಗ ಒಂದೇ ಹಾಡು, ಹಂಗಾಗಿ ಗಂಟು 75 ಸಾವಿರ. ನನ್ನವು ಒಟ್ಟು ವ್ಯೂಸ್‌ನಾಗ 1 ಪರ್ಸೆಂಟ್ ಇದ್ರ 750 ನನ್ನ ಹೆಸರಿಗೆ, ಅದರ 45 ಪರ್ಸೆಂಟ್, 337 ರೂಪಾಯಿ 50 ಪೈಸೆ ಕೈಗೆ. ಹಾಡು ಹಾಕಿದವಂದೂ 1 ಪರ್ಸೆಂಟ್ ಇದ್ರ ಅವನಿಗೂ ಅಷ್ಟೇ! ಹಾಡಿನ ಕಡಿತ ಎಲ್ಲರ ಗಂಟಿನ ಮ್ಯಾಲೆ ಬೀಳ್ತದ, ಹಾಕಿದವನ ಮ್ಯಾಲೆ ಅಷ್ಟೇ ಅಲ್ಲ.

ಹಾಡಿನ ಭಯ ಇರಬೇಕಾಗಿದ್ದು ಲಾಂಗ್ ವಿಡಿಯೋದಾಗ. ಶರಣಬಸವೇಶ್ವರ ಜಾತ್ರಿದು 14 ನಿಮಿಷದ ವಿಡಿಯೋ ಹಾಕಿದ್ದೆ, ಹಿಂದ ಒಂದು ಅಂಗಡಿ ಸ್ಪೀಕರ್‌ನಾಗ ಸಿನಿಮಾ ಹಾಡು ಹಚ್ಚಿದ್ರು, ಎರಡು ನಿಮಿಷ ಕೇಳಿಸ್ತಿತ್ತು. ಕ್ಲೇಮ್ ಬಂತು, ಇಡೀ ವಿಡಿಯೋದ ದುಡ್ಡು ಹಾಡಿನ ಹಕ್ಕಿನವ್ರ ಕಡೆ ಹೋಯ್ತು. ಆ ತುಣುಕು ಸ್ಟುಡಿಯೋದಾಗೇ ಕತ್ತರಿಸಿದ ಮ್ಯಾಲೆ ಕ್ಲೇಮ್ ಬಿಟ್ಟಿತು, ಅಷ್ಟೊತ್ತಿಗೆ ಜಾತ್ರಿ ಗದ್ದಲ ಮುಗಿದಿತ್ತು, ನೋಡೋರು ಕಡಿಮಿ ಆಗಿದ್ರು.

ಇನ್ನೊಂದು ಹೇಳಬೇಕು, ಹೊಸದಾಗಿ ಮಾನಿಟೈಸೇಷನ್ ಸಿಕ್ಕವರು ಶಾರ್ಟ್ಸ್‌ದ ಕರಾರಿಗೆ ಬ್ಯಾರೇನೇ ಒಪ್ಪಿಗಿ ಕೊಡಬೇಕು, ಕೊಟ್ಟ ದಿನಕ್ಕಿಂತ ಹಿಂದಿನ ವ್ಯೂಸ್‌ಗೆ ಪಾಲು ಬರೂದಿಲ್ಲ. ಸಿನಿಮಾ ತುಣುಕು ಹಂಗೇ ಎತ್ತಿ ಹಾಕಿದ್ದಕ್ಕೂ ಬರೂದಿಲ್ಲ. ಮತ್ತ ಮಾನಿಟೈಸೇಷನ್‌ಗೆ ಬೇಕಾದ, ಜನ ನೋಡಿದ 4000 ಗಂಟೆ ತುಂಬಿಸ್ಲಿಕ್ಕೆ ಶಾರ್ಟ್ಸ್ ಫೀಡ್‌ನಾಗ ನೋಡಿದ ಸಮಯ ಹಿಡಿಯೂದಿಲ್ಲ, ಶಾರ್ಟ್ಸ್‌ಲೆ ಹೋಗೋದಾದ್ರ 90 ದಿನದಾಗ 1 ಕೋಟಿ ವ್ಯೂಸ್ ಬೇಕು, 1000 ಸಬ್‌ಸ್ಕ್ರೈಬರ್ಸ್ ಎರಡಕ್ಕೂ ಬೇಕು.

ಈಗ ನಾನು ರೊಟ್ಟಿ ಶಾರ್ಟ್ ಹಾಕಿದ್ರ ಕೆಳಗ ರಿಲೇಟೆಡ್ ವಿಡಿಯೋ ಅಂತ ಅವ್ವ ಜೋಳ ಹಸನ ಮಾಡೋದ್ರಿಂದ ಹಿಡಿದು ತೋರಿಸೋ 12 ನಿಮಿಷದ ವಿಡಿಯೋ ಲಿಂಕ್ ಹಚ್ತೀನಿ, ಶಾರ್ಟ್ ನೋಡಿದವ್ರೊಳಗ ಅಲ್ಲಿಗೆ ಬರೋರು ಕಡಿಮಿ, ಆದ್ರ ಬಂದವರು ಕೂತು ನೋಡ್ತಾರ.