ಕಚ್ಚಾ ಎಣ್ಣೆಯಿಂದ ರಿಫೈನ್ಡ್ ಎಣ್ಣೆಗೆ: ನಾಲ್ಕು ಹಂತಗಳಲ್ಲಿ ಏನೇನು ಹೊರಬೀಳುತ್ತದೆ?

ರಿಫೈನಿಂಗ್ ಎಂದರೆ ಎಣ್ಣೆಯನ್ನು ಸೋಸುವುದು ಎಂದುಕೊಂಡವರೇ ಹೆಚ್ಚು. ಆದರೆ ಎಣ್ಣೆಯಲ್ಲಿ ಕರಗಿರುವ ವಸ್ತು ಬಟ್ಟೆಗೂ ಜಾಲರಿಗೂ ಸಿಗುವುದಿಲ್ಲ. ಅದನ್ನು ಕರಗದಂತೆ ಮಾಡಬೇಕು, ಇಲ್ಲವೇ ಯಾವುದಕ್ಕಾದರೂ ಅಂಟಿಸಬೇಕು, ಅದೂ ಆಗದಿದ್ದರೆ ಆವಿಯಾಗಿಸಿ ಓಡಿಸಬೇಕು. ಡಿಗಮ್ಮಿಂಗ್, ನ್ಯೂಟ್ರಲೈಸೇಷನ್, ಬ್ಲೀಚಿಂಗ್ ಮತ್ತು ಡಿಯೋಡರೈಸೇಷನ್ ಈ ಉಪಾಯಗಳನ್ನೇ ಒಂದಾದ ಮೇಲೊಂದರಂತೆ ಬಳಸುತ್ತವೆ. ಒಂದು ಹಂತದಲ್ಲಿ ಉಳಿದ ಕೊಳೆ ಮುಂದಿನ ಹಂತದ ಕೆಲಸ ಕೆಡಿಸುವುದರಿಂದ ಈ ಕ್ರಮವನ್ನು ಅದಲುಬದಲು ಮಾಡುವಂತಿಲ್ಲ.

ಉದಾಹರಣೆಗೆ 10 ಟನ್ ಕಚ್ಚಾ ಸೋಯಾ ಎಣ್ಣೆಯ ಒಂದು ಬ್ಯಾಚ್ ತೆಗೆದುಕೊಳ್ಳೋಣ. ಲ್ಯಾಬ್ ವರದಿಯ ಪ್ರಕಾರ ಅದರಲ್ಲಿ ರಂಜಕ 700 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 700 ಭಾಗ ಇದೆ, ಎಫ್‌ಎಫ್‌ಎ, ಅಂದರೆ ಮುಕ್ತ ಕೊಬ್ಬಿನಾಮ್ಲ, ಶೇ 1ರಷ್ಟಿದೆ.

ಡಿಗಮ್ಮಿಂಗ್: ನೀರು ಕುಡಿಸಿ ಗಮ್ ತೆಗೆಯುವುದು

ಗಮ್ ಎಂದು ಕರೆಯುವುದು ಫಾಸ್ಫೋಲಿಪಿಡ್‌ಗಳನ್ನು. ಅವುಗಳಲ್ಲಿ ರಂಜಕ ಇರುವುದರಿಂದ ಲ್ಯಾಬ್‌ನಲ್ಲಿ ರಂಜಕವನ್ನೇ ಅಳೆಯುತ್ತಾರೆ. ಆ ಅಂಕಿಯನ್ನು ಸುಮಾರು 25ರಿಂದ ಗುಣಿಸಿದರೆ ಗಮ್‌ನ ಅಂದಾಜು ಸಿಗುತ್ತದೆ. ನಮ್ಮ ಬ್ಯಾಚ್‌ನಲ್ಲಿ ಅದು ಶೇ 1.75, ಅಂದರೆ 175 ಕೆ.ಜಿ.

ಎಣ್ಣೆಯನ್ನು 65–70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಗಮ್‌ನ ತೂಕಕ್ಕೆ ಹತ್ತಿರ ಹತ್ತಿರದಷ್ಟು, ಅಂದರೆ 150 ಕೆ.ಜಿ. ಆಸುಪಾಸಿನ ಬಿಸಿನೀರನ್ನು ಹಾಕಿ ಅರ್ಧ ಗಂಟೆ ನಿಧಾನವಾಗಿ ಕಲಕಬೇಕು. ಗಮ್ ನೀರು ಹೀರಿ ಉಬ್ಬುತ್ತದೆ, ಎಣ್ಣೆಯಲ್ಲಿ ಕರಗಿರಲಾರದೆ ಚಕ್ಕೆ ಚಕ್ಕೆಯಾಗಿ ಬೇರ್ಪಡುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಹೊರಬೀಳುತ್ತದೆ. ಒಣಗಿಸಿದರೆ ಅದೇ ಲೆಸಿಥಿನ್. ನೀರು ಕಡಿಮೆಯಾದರೆ ಗಮ್ ಅಂಟಂಟಾಗಿ ಯಂತ್ರದಿಂದ ಹೊರಬರಲು ಒದ್ದಾಡುತ್ತದೆ. ಹೆಚ್ಚಾದರೆ ಎಣ್ಣೆಗೂ ಗಮ್‌ಗೂ ನಡುವೆ ನೀರಿನ ಮೂರನೇ ಪದರ ನಿಂತು, ಅದರ ಜೊತೆ ಒಳ್ಳೆಯ ಎಣ್ಣೆಯೂ ಹೋಗುತ್ತದೆ.

ಇಷ್ಟಾದರೂ 100ರಿಂದ 200 ಪಿಪಿಎಂ ರಂಜಕ ಉಳಿದೇ ಉಳಿಯುತ್ತದೆ. ಇದು ನೀರಿಗೆ ಬಗ್ಗದ ಗಮ್, ಮುಖ್ಯವಾಗಿ ಫಾಸ್ಫಾಟಿಡಿಕ್ ಆಮ್ಲದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಎಷ್ಟು ನೀರು ಸುರಿದರೂ ಇದು ಉಬ್ಬುವುದಿಲ್ಲ. ಇದಕ್ಕೆ ಶೇ 85ರ ಫಾಸ್ಫಾರಿಕ್ ಆಮ್ಲ ಬೇಕು, ಎಣ್ಣೆಯ ಶೇ 0.1, ಅಂದರೆ ನಮ್ಮ ಬ್ಯಾಚ್‌ಗೆ 10 ಕೆ.ಜಿ. ಆಮ್ಲವು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕಿತ್ತುಕೊಂಡ ಮೇಲೆ ಗಮ್ ನೀರಿಗೆ ಒಗ್ಗುತ್ತದೆ. 10 ಟನ್ ಎಣ್ಣೆಯಲ್ಲಿ 10 ಕೆ.ಜಿ. ಆಮ್ಲ ಮೂಲೆ ಮೂಲೆಗೂ ತಲುಪಬೇಕಾದ್ದರಿಂದ ಇಲ್ಲಿ ಮಾತ್ರ ಜೋರಾಗಿಯೇ ಕಲಕಬೇಕು. ಈ ಗಮ್ ಮುಂದಿನ ಹಂತದ ಸಾಬೂನಿನ ಜೊತೆಗೇ ಹೊರಹೋಗುತ್ತದೆ.

ನ್ಯೂಟ್ರಲೈಸೇಷನ್: ಕಾಸ್ಟಿಕ್ ಲೆಕ್ಕ

ಮುಕ್ತ ಕೊಬ್ಬಿನಾಮ್ಲಕ್ಕೆ ಕಾಸ್ಟಿಕ್ ಸೋಡಾ ಸೇರಿಸಿದರೆ ಸಾಬೂನು ಆಗುತ್ತದೆ. ಸಾಬೂನು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ತತ್ವ ಇಷ್ಟೇ, ಆದರೆ ನಾಲ್ಕು ಹಂತಗಳಲ್ಲಿ ಹೆಚ್ಚು ಎಣ್ಣೆ ನಷ್ಟವಾಗುವುದು ಬಹುತೇಕ ಇಲ್ಲಿಯೇ.

ಒಲಿಯಿಕ್ ಆಮ್ಲದ ಅಣುತೂಕ 282, ಕಾಸ್ಟಿಕ್‌ನದು 40. ಹಾಗಾಗಿ 1 ಕೆ.ಜಿ. ಕೊಬ್ಬಿನಾಮ್ಲಕ್ಕೆ 0.142 ಕೆ.ಜಿ. ಕಾಸ್ಟಿಕ್ ಸಾಕು. ನಮ್ಮ ಬ್ಯಾಚ್‌ನಲ್ಲಿ 100 ಕೆ.ಜಿ. ಕೊಬ್ಬಿನಾಮ್ಲವಿದೆ, ಅದಕ್ಕೆ 14.2 ಕೆ.ಜಿ. ಹಾಕಿದ ಫಾಸ್ಫಾರಿಕ್ ಆಮ್ಲವೂ ತನ್ನ ಪಾಲು ಕೇಳುತ್ತದೆ, ಅದಕ್ಕೆ ಸುಮಾರು 10 ಕೆ.ಜಿ. ಈ ಪಾಲನ್ನು ಮರೆತರೆ ಕಾಸ್ಟಿಕ್ ಸಾಲದೆ ಬಂದು ಎಫ್‌ಎಫ್‌ಎ ಬೇಕಾದಷ್ಟು ಇಳಿಯುವುದಿಲ್ಲ. ಇದರ ಮೇಲೆ ಎಣ್ಣೆಯ ತೂಕದ ಶೇ 0.1ರಷ್ಟು, ಅಂದರೆ ಇನ್ನೂ 10 ಕೆ.ಜಿ. ಹೆಚ್ಚುವರಿ. ಒಟ್ಟು ಸುಮಾರು 35 ಕೆ.ಜಿ. ಇದನ್ನು 16 ಬೋಮೆ ದ್ರಾವಣವಾಗಿ, ಅಂದರೆ ಶೇ 11ರ ಸಾಂದ್ರತೆಯಲ್ಲಿ, ಹಾಕಿದರೆ ದ್ರಾವಣದ ತೂಕ 320 ಕೆ.ಜಿ. ಹತ್ತಿರ ಬರುತ್ತದೆ.

ಹೆಚ್ಚುವರಿ ಕಾಸ್ಟಿಕ್ ಜಾಸ್ತಿಯಾದರೆ, ಅಥವಾ ದ್ರಾವಣ ತೀರಾ ಗಟ್ಟಿಯಾದರೆ, ಅದು ಕೊಬ್ಬಿನಾಮ್ಲ ಮುಗಿಸಿ ಒಳ್ಳೆಯ ಎಣ್ಣೆಯನ್ನೇ ಸಾಬೂನು ಮಾಡತೊಡಗುತ್ತದೆ. ತೀರಾ ತೆಳುವಾದ ದ್ರಾವಣ ಹಾಕಿ ರಭಸದಿಂದ ಕಲಕಿದರೆ ಎಣ್ಣೆಯೂ ನೀರೂ ಮಜ್ಜಿಗೆಯಂತೆ ಬೆರೆತು ಬಿಡಿಸಿಕೊಳ್ಳುವುದೇ ಇಲ್ಲ. ಕೆಟಲ್ ಎಂಬ ದೊಡ್ಡ ಪಾತ್ರೆಯಲ್ಲಿ ಮಾಡುವವರು ದ್ರಾವಣವನ್ನು ತುಂತುರಾಗಿ ಸಿಂಪಡಿಸುವಾಗ ಚೆನ್ನಾಗಿ ಕಲಕಿ, ಆಮೇಲೆ ವೇಗ ತಗ್ಗಿಸಿ, ಶಾಖವನ್ನು 70 ಡಿಗ್ರಿ ಸುತ್ತ ಏರಿಸುತ್ತಾರೆ. ಒಂದು ಸೌಟಿನಲ್ಲಿ ತೆಗೆದು ನೋಡಿದರೆ ಹಾಲಿನಂತಿದ್ದ ಎಣ್ಣೆಯಲ್ಲಿ ಕಂದು ಕಣಗಳು ಕಾಣಿಸಿಕೊಂಡು, ಅವುಗಳ ನಡುವೆ ತಿಳಿ ಎಣ್ಣೆ ಹೊಳೆಯಬೇಕು. ಆಗ ಕಲಕುವುದನ್ನು ನಿಲ್ಲಿಸಿ ಸಾಬೂನು ತಳಕ್ಕೆ ಕೂರಲು ಬಿಡಬೇಕು. ಕೆಟಲ್‌ನಲ್ಲಿ ಇದಕ್ಕೆ ಗಂಟೆಗಟ್ಟಲೆ ಬೇಕು, ಸೆಂಟ್ರಿಫ್ಯೂಜ್‌ಗೆ ಬೇಕಿಲ್ಲ. ತಳದ ಈ ರಾಡಿಯೇ ಸೋಪ್‌ಸ್ಟಾಕ್. ಸಾಬೂನು, ಉಳಿದ ಗಮ್, ಸ್ವಲ್ಪ ಬಣ್ಣ, ಲೋಹದ ಅಂಶ ಮತ್ತು ಬೇಡವೆಂದರೂ ಒಂದಿಷ್ಟು ಒಳ್ಳೆಯ ಎಣ್ಣೆ ಅದರಲ್ಲಿ ಸೇರಿರುತ್ತವೆ.

ತೊಳೆಯುವುದು: ಹಂತದ ಹೆಸರಿಲ್ಲದ ಹಂತ

ಎಣ್ಣೆ ಈಗ ತಿಳಿಯಾಗಿ ಕಾಣುತ್ತದೆ. ಆದರೂ ನೂರಾರು ಪಿಪಿಎಂ ಸಾಬೂನು ಅದರಲ್ಲಿ ಉಳಿದಿರುತ್ತದೆ. 85–90 ಡಿಗ್ರಿಯ ಎಣ್ಣೆಗೆ ಅದರ ಶೇ 10ರಷ್ಟು, ಅಂದರೆ 1 ಟನ್ ನೀರನ್ನು, ಎಣ್ಣೆಗಿಂತ ಸ್ವಲ್ಪ ಹೆಚ್ಚು ಬಿಸಿಯಾಗಿ ಹಾಕಿ ತೊಳೆಯಬೇಕು, ಕೆಟಲ್‌ನಲ್ಲಾದರೆ ಎರಡು ಸಲ. ತಣ್ಣನೆಯ ನೀರು ಮತ್ತೆ ಮಜ್ಜಿಗೆ ಮಾಡುತ್ತದೆ. ಹಾಗಾಗಿಬಿಟ್ಟರೆ ಬಿಸಿ ಉಪ್ಪುನೀರು ಸಿಂಪಡಿಸಿ ಒಡೆಯುವುದುಂಟು. ನೀರು ಮೆದುವಾಗಿರಲೇಬೇಕು. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿಗೆ ಅಂಟಿದರೆ ಹುಟ್ಟುವ ಕ್ಯಾಲ್ಸಿಯಂ ಸಾಬೂನು ನೀರಿನಲ್ಲಿ ಕರಗದೆ ಎಣ್ಣೆಯಲ್ಲೇ ಉಳಿಯುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ಸಾಬೂನು ಹೋಯಿತೋ ಇಲ್ಲವೋ ಎಂದು ಕಣ್ಣಿನಿಂದ ತಿಳಿಯದು. 40 ಗ್ರಾಂ ಎಣ್ಣೆಗೆ 1 ಮಿ.ಲೀ. ನೀರು ಮತ್ತು ಬ್ರೋಮೋಫಿನಾಲ್ ಬ್ಲೂ ಸೇರಿಸಿದ 50 ಮಿ.ಲೀ. ಅಸಿಟೋನ್ ಹಾಕಿ ಬೆಚ್ಚಗೆ ಕುಲುಕಿದರೆ ಮೇಲಿನ ಪದರ, ಸಾಬೂನಿದ್ದರೆ, ಹಸಿರು ಅಥವಾ ನೀಲಿಯಾಗುತ್ತದೆ. 0.01 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿ ಹನಿಯಾಗಿ ಬಿಟ್ಟು ಅದನ್ನು ಹಳದಿಗೆ ತರಬೇಕು. ಖರ್ಚಾದ ಪ್ರತಿ ಮಿ.ಲೀ.ಗೆ 76 ಪಿಪಿಎಂ ಸಾಬೂನು ಎಂದು ಲೆಕ್ಕ. ತೊಳೆಯುವ ಮುಂಚೆ 6 ಮಿ.ಲೀ. ಹಿಡಿದಿದ್ದರೆ 456 ಪಿಪಿಎಂ. ತೊಳೆದ ಮೇಲೆ ಅರ್ಧ ಮಿ.ಲೀ. ಆದರೆ 38, ಆಗ ಮುಂದೆ ಹೋಗಬಹುದು. 50 ಪಿಪಿಎಂ ದಾಟಿದರೆ ಇನ್ನೊಮ್ಮೆ ತೊಳೆಯುವುದೇ ವಾಸಿ, ಏಕೆಂದರೆ ಮುಂದೆ ಅದರ ದಂಡ ತೆರುವುದು ದುಬಾರಿ ಬ್ಲೀಚಿಂಗ್ ಮಣ್ಣು. ಆಮೇಲೆ ನಿರ್ವಾತದಲ್ಲಿ ಒಣಗಿಸಿ ತೇವವನ್ನು ಶೇ 0.1ಕ್ಕಿಂತ ಕೆಳಗೆ ತರಬೇಕು.

ಬ್ಲೀಚಿಂಗ್: ಬಣ್ಣಕ್ಕಿಂತ ಹೆಚ್ಚಿನದು

ಹೆಸರು ಬ್ಲೀಚಿಂಗ್ ಆದರೂ ಬಟ್ಟೆಗೆ ಹಾಕುವ ಬ್ಲೀಚಿಂಗ್ ಪೌಡರಿಗೂ ಇದಕ್ಕೂ ನಂಟಿಲ್ಲ. ಇಲ್ಲಿ ಬಳಸುವುದು ಆಮ್ಲದಿಂದ ಹದಗೊಳಿಸಿದ ಬೆಂಟೋನೈಟ್ ಜೇಡಿಮಣ್ಣು. ಅದರ ಸೂಕ್ಷ್ಮ ರಂಧ್ರಗಳ ಮೇಲ್ಮೈಗೆ ಕ್ಯಾರೊಟಿನಾಯ್ಡ್, ಕ್ಲೋರೋಫಿಲ್, ಉಳಿದ ಸಾಬೂನು, ರಂಜಕ, ಕಬ್ಬಿಣ, ತಾಮ್ರ ಎಲ್ಲವೂ ಅಂಟಿಕೊಳ್ಳುತ್ತವೆ. ಎಣ್ಣೆ ಹಳಸುವಾಗ ಹುಟ್ಟಿದ ಪೆರಾಕ್ಸೈಡ್‌ಗಳೂ ಇಲ್ಲಿ ಒಡೆಯುತ್ತವೆ. ಅಂಟಿಕೊಳ್ಳುವ ಜಾಗ ಸೀಮಿತ. ಸಾಬೂನು ಮೊದಲು ಬಂದು ಆ ಜಾಗ ಹಿಡಿದರೆ, ಜೊತೆಗೆ ಮಣ್ಣಿನ ಆಮ್ಲತೆಯನ್ನೂ ಕೊಂದರೆ, ಬಣ್ಣಕ್ಕೆ ಜಾಗ ಉಳಿಯುವುದಿಲ್ಲ. ಎಣ್ಣೆ ಹಸಿರಾಗಿಯೇ ಉಳಿಯಿತು, ಫಿಲ್ಟರ್ ಬೇಗ ಕಟ್ಟಿಕೊಂಡಿತು ಎಂದರೆ ಮಣ್ಣಿನ ಮೇಲೆ ಗೂಬೆ ಕೂರಿಸುವ ಮುಂಚೆ ತೊಳೆದ ಎಣ್ಣೆಯ ಸಾಬೂನು ಪರೀಕ್ಷೆ ನೋಡಬೇಕು.

ನಮ್ಮ ಬ್ಯಾಚ್‌ಗೆ ಶೇ 1, ಅಂದರೆ 100 ಕೆ.ಜಿ. ಮಣ್ಣು. 80 ಡಿಗ್ರಿ ಹೊತ್ತಿಗೆ ಮಣ್ಣು ಹಾಕಿ, ಸುಮಾರು 50 ಮಿಲಿಬಾರ್ ನಿರ್ವಾತದಲ್ಲಿ 105 ಡಿಗ್ರಿಗೆ ಏರಿಸಿ, 20–30 ನಿಮಿಷ ಕಲಕಬೇಕು. ಕುದಿಯುವಷ್ಟು ಬಿಸಿ ಎಣ್ಣೆಗೆ ನೇರವಾಗಿ ಸುರಿದರೆ ಮಣ್ಣಿನೊಳಗಿನ ತೇವ ಒಮ್ಮೆಗೇ ಹಾರಿಹೋಗಿ ರಂಧ್ರಗಳು ಕುಸಿಯುತ್ತವೆ. ನಿರ್ವಾತ ಒಡೆದು ಗಾಳಿ ನುಗ್ಗಿದರೆ ಎಣ್ಣೆ ಉತ್ಕರ್ಷಣಗೊಂಡು ಬಣ್ಣ ಎಣ್ಣೆಗೇ ಕಚ್ಚಿಕೊಳ್ಳುತ್ತದೆ, ಆಮೇಲೆ ಯಾವ ಮಣ್ಣಿಗೂ ಬಿಡುವುದಿಲ್ಲ. ಹಾಗಾಗಿ 70–80 ಡಿಗ್ರಿಗೆ ತಣಿಸಿದ ಮೇಲೆಯೇ ನಿರ್ವಾತ ಬಿಟ್ಟು ಫಿಲ್ಟರ್ ಮಾಡಬೇಕು. ಮೊದಲು ಬರುವ ಕಲಕು ಎಣ್ಣೆಯನ್ನು ತಿಳಿಯಾಗುವ ತನಕ ಬ್ಲೀಚರ್‌ಗೇ ಹಿಂದಿರುಗಿಸಬೇಕು, ಒಂದು ಚೂರು ಮಣ್ಣೂ ಮುಂದಕ್ಕೆ ಹೋಗಬಾರದು.

ಫಿಲ್ಟರಿನಲ್ಲಿ ಉಳಿದ ಕೇಕ್ ತನ್ನ ತೂಕದ ಕಾಲು ಭಾಗದಷ್ಟು ಎಣ್ಣೆ ಹಿಡಿದಿರುತ್ತದೆ. ಅದನ್ನು ಹಬೆ ಊದಿ ಹಿಂಡಬೇಕು, ಬಿಸಿ ಕೇಕ್‌ಗೆ ಗಾಳಿ ಊದುವುದು ಅಪಾಯ. ತೆಳುವಾಗಿ ಹರಡಿದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ತಾನೇ ಕಾವೇರುತ್ತದೆ. ರಾಶಿ ಹಾಕಿಟ್ಟ ಮಣ್ಣು ಕೆಲವೇ ಗಂಟೆಗಳಲ್ಲಿ ಹೊಗೆಯಾಡುವುದು ಅಪರೂಪವಲ್ಲ. ನೀರು ಚಿಮುಕಿಸಿ, ಕಟ್ಟಡದಿಂದ ದೂರ ಇಡಬೇಕು.

ಡಿಯೋಡರೈಸೇಷನ್: ವಾಸನೆ ಓಡಿಸುವುದು

ಉಳಿದಿರುವುದು ವಾಸನೆ. ಅದಕ್ಕೆ ಕಾರಣ ಆಲ್ಡಿಹೈಡ್, ಕೀಟೋನ್‌ಗಳು ಮತ್ತು ಚೂರುಪಾರು ಕೊಬ್ಬಿನಾಮ್ಲ. ಇವು ಎಣ್ಣೆಗಿಂತ ಬೇಗ ಆವಿಯಾಗುತ್ತವೆ. ಆದರೆ ಸಾಮಾನ್ಯ ಒತ್ತಡದಲ್ಲಿ ಅಷ್ಟು ಬಿಸಿ ಮಾಡಿದರೆ ಎಣ್ಣೆಯೇ ಸುಟ್ಟುಹೋಗುತ್ತದೆ. ಅದಕ್ಕೇ ಒತ್ತಡವನ್ನು 3 ಮಿಲಿಬಾರ್‌ಗೆ, ಅಂದರೆ ವಾತಾವರಣದ ಒತ್ತಡದ ಸುಮಾರು 340ನೇ ಒಂದು ಭಾಗಕ್ಕೆ ಇಳಿಸಿ, 230–240 ಡಿಗ್ರಿಯಲ್ಲಿ ತಳದಿಂದ ಹಬೆ ಬಿಡುತ್ತಾರೆ. ಹಬೆಯ ಗುಳ್ಳೆಗಳು ವಾಸನೆಯ ಅಣುಗಳನ್ನು ಹೊತ್ತು ಹೊರಗೆ ಒಯ್ಯುತ್ತವೆ. ಎಣ್ಣೆಯ ಶೇ 1ರಿಂದ 3ರಷ್ಟು ಹಬೆ ಸಾಕು. ಎಫ್‌ಎಫ್‌ಎ ಶೇ 0.05ರ ಆಸುಪಾಸಿಗೆ ಇಳಿಯುತ್ತದೆ, ಕೀಟನಾಶಕದ ಉಳಿಕೆಯೂ ಬಹಳಷ್ಟು ಹೋಗುತ್ತದೆ, ಹಳದಿ ಕ್ಯಾರೊಟಿನಾಯ್ಡ್ ಶಾಖಕ್ಕೆ ಒಡೆದು ಬಣ್ಣ ಇನ್ನಷ್ಟು ತಿಳಿಯಾಗುತ್ತದೆ. ಕ್ಲೋರೋಫಿಲ್ ಮಾತ್ರ ಹೀಗೆ ಹೋಗುವುದಿಲ್ಲ, ಅದನ್ನು ಬ್ಲೀಚರ್‌ನಲ್ಲೇ ಮುಗಿಸಿರಬೇಕು. ವಿಟಮಿನ್ ಇ ಕೂಡ ಒಂದು ಪಾಲು ಹಬೆಯೊಡನೆ ಹೋಗುತ್ತದೆ. ಅದು ನಷ್ಟವೇ.

ವಾಸನೆ ಹೋಗಲಿಲ್ಲವೆಂದು ಶಾಖ ಏರಿಸುವ ಚಪಲ ಇಲ್ಲಿದೆ. 240 ಡಿಗ್ರಿ ಮೀರಿದಂತೆ ಟ್ರಾನ್ಸ್ ಕೊಬ್ಬು ವೇಗವಾಗಿ ಹೆಚ್ಚುತ್ತದೆ, ಗ್ಲೈಸಿಡಿಲ್ ಎಸ್ಟರ್‌ಗಳೂ ಹುಟ್ಟುತ್ತವೆ. ಶಾಖದ ಬದಲು ನಿರ್ವಾತ ಸರಿಯಿದೆಯೇ, ಹಬೆ ಎಲ್ಲ ರಂಧ್ರಗಳಿಂದ ಬರುತ್ತಿದೆಯೇ ನೋಡುವುದು ಜಾಣತನ. ಬ್ಲೀಚ್ ಆದ ಎಣ್ಣೆಯ ರಂಜಕವನ್ನೂ ನೋಡಬೇಕು. ಅದು 5 ಪಿಪಿಎಂಗಿಂತ ಹೆಚ್ಚಿದ್ದರೆ ಇಷ್ಟು ಶಾಖದಲ್ಲಿ ಎಣ್ಣೆ ಕಪ್ಪಾಗುತ್ತದೆ, ಬಂದ ರುಚಿಯೂ ಬಹುದಿನ ನಿಲ್ಲುವುದಿಲ್ಲ. ಹಾಗಾಗಿದ್ದರೆ ತಪ್ಪು ನಡೆದದ್ದು ಡಿಗಮ್ಮಿಂಗ್‌ನಲ್ಲಿ.

ತಣಿಸುವುದೂ ನಿರ್ವಾತದಲ್ಲೇ. 120 ಡಿಗ್ರಿ ಹೊತ್ತಿಗೆ 50 ಪಿಪಿಎಂನಷ್ಟು, ಅಂದರೆ ಈ ಬ್ಯಾಚ್‌ಗೆ ಅರ್ಧ ಕೆ.ಜಿ. ಸಿಟ್ರಿಕ್ ಆಮ್ಲ ಹಾಕಿದರೆ ಅದು ಉಳಿದ ಕಬ್ಬಿಣ, ತಾಮ್ರವನ್ನು ಬಂಧಿಸಿಡುತ್ತದೆ. 60 ಡಿಗ್ರಿಗೆ ಇಳಿದ ಮೇಲಷ್ಟೇ ಗಾಳಿ ಸೋಕಬಹುದು.

ಬ್ಯಾಚ್‌ನ ಕೊನೆಯ ವರದಿ ಓದುವಾಗ ಒಂದು ಎಚ್ಚರ. ಪೆರಾಕ್ಸೈಡ್ ಅಂಕಿ ಸೊನ್ನೆ ಬಂದ ಮಾತ್ರಕ್ಕೆ ಕಚ್ಚಾ ಎಣ್ಣೆ ತಾಜಾ ಇತ್ತು ಎಂದಲ್ಲ. ಹಳಸಿದ ಎಣ್ಣೆಯ ಪೆರಾಕ್ಸೈಡ್ ಒಡೆದು ಉಳಿಯುವ ಭಾರದ ಆಲ್ಡಿಹೈಡ್‌ಗಳನ್ನು ಹಬೆ ಪೂರ್ತಿ ಹೊರಲಾರದು. ಈ ಆಲ್ಡಿಹೈಡ್‌ಗಳನ್ನು ಅಳೆಯುವ ಆನಿಸಿಡಿನ್ ಅಂಕಿ ಹೆಚ್ಚಿದ್ದರೆ ಆ ಎಣ್ಣೆ ಕಾರ್ಖಾನೆಗೆ ಬರುವ ಮುಂಚೆಯೇ ಹಳಸಿದ್ದಿರಬಹುದು.