‘ರಾಜಕಾಲುವೆ’ ಎಂದಷ್ಟೇ ಬರೆದ ಚೀಟಿ

ಬೆಂಗಳೂರಿನ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಕೂತವರ ಕೈಗೆ ಒಂದೇ ಪದದ ಚೀಟಿ ಬರುವುದು ಮಾಮೂಲು. ‘ರಾಜಕಾಲುವೆ’. ಪ್ರಶ್ನೆಯಿಲ್ಲ, ಕ್ರಿಯಾಪದವಿಲ್ಲ. ಬೇಕಾದದ್ದು ಅರ್ಥವೋ, ಟಿಪ್ಪಣಿಯೋ, ಪ್ರಬಂಧವೋ?

ನಾನು ಮೊದಲು ನೋಡುವುದು ಪದವನ್ನೇ. ‘ತೂಬು’, ‘ಖರಾಬು’ ಥರದ ಪದಕ್ಕೆ ಹೆಚ್ಚಾಗಿ ಅರ್ಥ ಸಾಕು. ಊರು, ವ್ಯಕ್ತಿಯ ಹೆಸರಾದರೆ ಟಿಪ್ಪಣಿ. ‘ನಗರೀಕರಣ’ ಎಂದು ಬರೆದವರಿಗೆ ಅದರ ಅರ್ಥ ಗೊತ್ತೇ ಇರುತ್ತದೆ, ಅವರಿಗೆ ಪ್ರಬಂಧ ಬೇಕು. ರಾಜಕಾಲುವೆ ಮಾತ್ರ ಮೂರಕ್ಕೂ ಹೊಂದುವ ಪದ.

ಆಗ ‘ಏನು ಬೇಕು?’ ಎಂದು ಕೇಳಿ ಉಪಯೋಗವಿಲ್ಲ. ‘ಅದರ ಬಗ್ಗೆ ಮಾಹಿತಿ ಸಾರ್’ ಎಂಬ ಉತ್ತರ ಬರುತ್ತದೆ, ಇದ್ದಲ್ಲೇ ಇರುತ್ತೇವೆ. ಅದಕ್ಕೇ ಮೊದಲು ಅರ್ಥ ಹೇಳಿಬಿಡುತ್ತೇನೆ: ‘ಮೇಲಿನ ಕೆರೆ ಕೋಡಿ ಬಿದ್ದಾಗ ಆ ನೀರನ್ನೂ ದಾರಿಯ ಮಳೆನೀರನ್ನೂ ಕೆಳಗಿನ ಕೆರೆಗೆ ಒಯ್ಯುವ ದೊಡ್ಡ ಕಾಲುವೆ.’ ಅಷ್ಟೇ ಬೇಕಿದ್ದವರು ಬರೆದುಕೊಂಡು ಎದ್ದುಬಿಡುತ್ತಾರೆ. ಎದ್ದೇಳದವರಿಗೆ ಎರಡನೆಯ ಮಾತು: ‘ಇದು ಯಾವುದಕ್ಕಮ್ಮಾ, ಎಷ್ಟು ಪುಟ ಬರೀಬೇಕು?’ ಉಪಯೋಗ ಗೊತ್ತಾದರೆ ಅಳತೆ ತಾನಾಗಿ ಗೊತ್ತಾಗುತ್ತದೆ.

‘ಪರೀಕ್ಷೆಗೆ, ಐದು ಮಾರ್ಕ್ಸು’ ಎಂದರೆ ಟಿಪ್ಪಣಿ. ಹತ್ತು ಸಾಲು ಮೀರಬಾರದು. ಅರ್ಥ, ಆಮೇಲೆ ಬೆಂಗಳೂರಿನ ಮೂರು ಕಣಿವೆಗಳು: ವೃಷಭಾವತಿಯ ನೀರು ಅರ್ಕಾವತಿಗೆ ಸೇರುತ್ತದೆ, ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳದ್ದು ದಕ್ಷಿಣ ಪಿನಾಕಿನಿಗೆ. ಕೊನೆಗೆ, ಕಾಲುವೆ ಕಿರಿದಾದರೆ ನೀರು ರಸ್ತೆಗೆ ಬರುತ್ತದೆ ಎಂಬ ಒಂದು ಸಾಲು.

‘ಸ್ಪರ್ಧೆಗೆ, ನಾಲ್ಕು ಪುಟ’ ಎಂದರೆ ಪ್ರಬಂಧ. ಇಲ್ಲಿ ನಾನು ಪೀಠಿಕೆಯಿಂದ ಉಪಸಂಹಾರದವರೆಗೆ ಸಿದ್ಧ ಬರಹ ಕೊಡುವುದಿಲ್ಲ. ಟಿಪ್ಪಣಿಯನ್ನೇ ಹಿಗ್ಗಿಸಿದರೆ ನಾಲ್ಕು ಪುಟ ತುಂಬುತ್ತದೆ, ವಾದ ಮಾತ್ರ ಇರುವುದಿಲ್ಲ. ಹಾಗಾಗಿ ‘ಕಾಲುವೆ ಯಾರ ಹೊಣೆ?’ ಎಂಬಂಥ ಒಂದು ಪ್ರಶ್ನೆ ಹಿಡಿಸಿ, ಅದಕ್ಕೆ ಬೇಕಾದ ಪುಸ್ತಕ, ಪತ್ರಿಕೆ ಕಟ್ಟು, ನಕ್ಷೆ ತೆಗೆದಿಡುತ್ತೇನೆ.

ನನ್ನ ಊಹೆ ಹೆಚ್ಚು ತಪ್ಪುವುದು ನಾಲ್ಕನೆಯ ಬಗೆಯವರಲ್ಲಿ. ಅರ್ಥ ಹೇಳುತ್ತಿರುವಾಗಲೇ ‘ಅದು ಗೊತ್ತು, ಪಕ್ಕದಲ್ಲಿ ಸೈಟ್ ಇದ್ರೆ?’ ಎನ್ನುತ್ತಾರೆ. ಇವರಿಗೆ ಮೂರೂ ಬೇಡ, ಬೇಕಾದದ್ದು ಒಂದು ಅಂಕಿ. ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2015’ರ ಪ್ರಕಾರ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಜಾಗ ಕಟ್ಟಡ ಕಟ್ಟದೆ ಬಿಡಬೇಕು. ಅಳೆಯುವುದು ದಂಡೆಯಿಂದಲ್ಲ, ಕಾಲುವೆಯ ನಡುವಿನಿಂದ. ಇಷ್ಟು ಹೇಳಿ, ನಿಯಮ ಆಮೇಲೆ ತಿದ್ದುಪಡಿಯಾಗಿದೆಯೇ ಎಂದು ಯೋಜನಾ ಪ್ರಾಧಿಕಾರದಲ್ಲೇ ವಿಚಾರಿಸಲು, ಸರ್ವೆ ನಂಬರ್ ಹಿಡಿದು ಗ್ರಾಮನಕ್ಷೆ ನೋಡಲು ಕಳಿಸುತ್ತೇನೆ. ಈಗ ಮುಚ್ಚಿಹೋಗಿರುವ ಕಾಲುವೆಯೂ ಆ ನಕ್ಷೆಯಲ್ಲಿ ಇರಬಹುದು.