ಒಂದು ಡಾಲರ್ ಚಿಹ್ನೆ ಬಿಟ್ಟು ಹೋದರೆ ಶೀಟೆಲ್ಲ ಕೆಂಪು

ಚಿಕ್ಕಪ್ಪ ಊರಿನ ಹಾಲಿನ ಡೈರಿಯ ಲೆಕ್ಕ ನೋಡಿಕೊಳ್ಳುತ್ತಾರೆ. ಈಚೆಗೆ ಪುಸ್ತಕ ಬಿಟ್ಟು ಎಕ್ಸೆಲ್‌ಗೆ ಬಂದಿದ್ದಾರೆ. ಒಂದು ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಬಂತು. ಕೆಳಗೆ ಒಂದೇ ಸಾಲು: "ನೋಡೋ ಮರಿ, ಐದು ಲೀಟರ್ ಹಾಲಿಗೆ ಸೊನ್ನೆ ರೂಪಾಯಿ ಅಂತಿದೆ. ಅರ್ಧ ಶೀಟ್ ಕೆಂಪಾಗಿದೆ."

ಫೈಲ್ ನನ್ನ ಹತ್ತಿರ ಇರಲಿಲ್ಲ, ಚಿತ್ರ ಮಾತ್ರ. ಆದರೂ ತಪ್ಪು ಎಲ್ಲಿದೆ ಅಂತ ಚಿತ್ರದಿಂದಲೇ ಹೇಳಬಹುದಿತ್ತು. ಅದರಲ್ಲಿದ್ದ ಅಂಕಿಗಳು ಇವು:

```
     A     B      C       D     F
1   ನಂ.   ಲೀಟರ್   ಫ್ಯಾಟ್    ಹಣ    35
2   101   6      3.8     210   3.5
3   102   4      3.2     14
4   103   5      4.0     0
5   104   8      3.4     0
```

F1ರಲ್ಲಿ ಇರುವುದು ಲೀಟರಿನ ದರ, 35 ರೂಪಾಯಿ. F2ರಲ್ಲಿ ಫ್ಯಾಟ್ ಮಿತಿ, 3.5. ಅದಕ್ಕಿಂತ ಕಡಿಮೆ ಬಂದವರ ಸಾಲು ಕೆಂಪಾಗಬೇಕು ಅನ್ನೋದು ಚಿಕ್ಕಪ್ಪನ ಲೆಕ್ಕಾಚಾರ. E ಕಾಲಂ ಖಾಲಿ. (ಡೈರಿಯಲ್ಲಿ ದರ ಹೀಗೆ ಎಲ್ಲರಿಗೂ ಒಂದೇ ಇರುವುದಿಲ್ಲ, ಫ್ಯಾಟ್ ನೋಡಿ ಬದಲಾಗುತ್ತದೆ. ಇದು ಅವರು ಕಲಿಯಲು ಮಾಡಿಕೊಂಡ ಶೀಟ್.)

ಇಂಥ ಚಿತ್ರ ಬಂದಾಗ ಮೊದಲು ಅಂಕಿಗಳನ್ನು ಬಿಟ್ಟು ಮೇಲೆ ಎಡ ಮೂಲೆ ನೋಡಿ. ಅಲ್ಲಿನ ಪುಟ್ಟ ಡಬ್ಬಿಯಲ್ಲಿ ಈಗ ಯಾವ ಸೆಲ್ ಮೇಲೆ ಕ್ಲಿಕ್ ಆಗಿದೆ ಅಂತ ಬರೆದಿರುತ್ತದೆ. ಪಕ್ಕದ ಉದ್ದನೆಯ ಪಟ್ಟಿ ಫಾರ್ಮುಲಾ ಬಾರ್. ಅದು ತೋರಿಸುವುದು ಆ ಒಂದು ಸೆಲ್‌ನ ಒಳಗನ್ನು ಮಾತ್ರ. ಚಿಕ್ಕಪ್ಪನ ಚಿತ್ರದಲ್ಲಿ ಡಬ್ಬಿಯಲ್ಲಿ D4 ಅಂತಿತ್ತು, ಬಾರ್‌ನಲ್ಲಿ ಹೀಗೆ:

```
=B4*F3
```

B4 ಅಂದರೆ 5 ಲೀಟರ್, ಅದು ಸರಿ. ಆದರೆ ದರ ಇರುವುದು F1ರಲ್ಲಿ, ಇಲ್ಲಿ F3 ಯಾಕೆ ಬಂತು? F3 ಖಾಲಿ. ಖಾಲಿ ಸೆಲ್ಲನ್ನು ಎಕ್ಸೆಲ್ ಸೊನ್ನೆ ಅಂತ ಎಣಿಸುತ್ತದೆ. ಹಾಗಾಗಿ ಐದು ಲೀಟರಿಗೆ ಸೊನ್ನೆ.

ಆದದ್ದು ಇಷ್ಟೇ. ಅವರು D2ರಲ್ಲಿ =B2*F1 ಅಂತ ಬರೆದಿದ್ದಾರೆ. 210 ಬಂದಿದೆ, ಖುಷಿಯಾಗಿ ಕೆಳಕ್ಕೆ ಎಳೆದಿದ್ದಾರೆ. ಡಾಲರ್ ಚಿಹ್ನೆ ಇಲ್ಲದ ವಿಳಾಸವನ್ನು ಎಕ್ಸೆಲ್ ಊರಿನಲ್ಲಿ ದಾರಿ ಹೇಳಿದ ಹಾಗೆ ನೆನಪಿಟ್ಟುಕೊಳ್ಳುತ್ತದೆ: "ನನ್ನಿಂದ ಬಲಕ್ಕೆ ಎರಡು ಮನೆ, ಮೇಲಕ್ಕೆ ಒಂದು ಮನೆ." D2ರಿಂದ ಹಾಗೆ ಹೋದರೆ F1. D3ರಿಂದ ಹೋದರೆ F2. ಅಲ್ಲಿ ಇರುವುದು ದರ ಅಲ್ಲ, ಫ್ಯಾಟ್ ಮಿತಿ! ನಾಲ್ಕು ಲೀಟರನ್ನು 3.5ರಿಂದ ಗುಣಿಸಿ 14 ರೂಪಾಯಿ ಕೊಟ್ಟಿದೆ. ನನ್ನ ಕೇಳಿದರೆ ಸೊನ್ನೆಗಿಂತ ಈ 14 ಅಪಾಯ. ಸೊನ್ನೆ ಕಂಡರೆ ಯಾರಾದರೂ ಕೇಳುತ್ತಾರೆ. ಯಾವುದೋ ಅಂಕಿ ಬಂದುಬಿಟ್ಟರೆ ಸುಮ್ನೆ ಮುಂದೆ ಹೋಗುತ್ತಾರೆ.

ಸರಿಮಾಡಲು D2 ಮೇಲೆ ಕ್ಲಿಕ್ ಮಾಡಿ. ಫಾರ್ಮುಲಾ ಬಾರ್‌ನಲ್ಲಿ F1 ಅನ್ನುವ ಕಡೆ ಕರ್ಸರ್ ಇಟ್ಟು ಕೀಬೋರ್ಡಿನ F4 ಕೀ ಒತ್ತಿ. (ಇದು F4 ಸೆಲ್ ಅಲ್ಲ, ಮೇಲಿನ ಸಾಲಿನ ಕೀ. ಚಿಕ್ಕಪ್ಪ ಇಲ್ಲೂ ಸ್ವಲ್ಪ ಹೊತ್ತು ಗೊಂದಲ ಮಾಡಿಕೊಂಡರು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ Fn ಕೀಯನ್ನೂ ಜೊತೆಗೆ ಒತ್ತಬೇಕು. ಮೊಬೈಲ್‌ನಲ್ಲಾದರೆ ಡಾಲರ್ ಚಿಹ್ನೆಯನ್ನು ಕೈಯಲ್ಲೇ ಟೈಪ್ ಮಾಡಿ.) ಆಗ ಹೀಗಾಗುತ್ತದೆ:

```
=B2*$F$1
```

F ಹಿಂದಿನ ಡಾಲರ್ ಕಾಲಂಗೆ ಬೀಗ, 1ರ ಹಿಂದಿನದು ಸಾಲಿಗೆ ಬೀಗ. ಈಗ ಎಂಟರ್ ಒತ್ತಿ, D2ರ ಕೆಳಮೂಲೆಯ ಚುಕ್ಕೆ ಹಿಡಿದು D5ರವರೆಗೆ ಎಳೆಯಿರಿ. B2 ಎಂಬುದು B3, B4, B5 ಆಗುತ್ತದೆ, ದರ ಮಾತ್ರ ಕದಲುವುದಿಲ್ಲ. 210, 140, 175, 280 ಬರಬೇಕು.

ಹಣದ ಕಥೆ ಮುಗಿಯಿತು. ಕೆಂಪಿನದು ಅದಕ್ಕಿಂತ ಮಜವಾಗಿದೆ, ಯಾಕೆಂದರೆ ಬಣ್ಣದ ನಿಯಮ ಫಾರ್ಮುಲಾ ಬಾರ್‌ನಲ್ಲಿ ಕಾಣುವುದೇ ಇಲ್ಲ. ಚಿತ್ರದಲ್ಲಿ ಬಣ್ಣ ಬಿದ್ದ ಜಾಗ ನೋಡಿ ಊಹಿಸಬೇಕು. ಹಣದ ತಪ್ಪು ಇನ್ನೂ ಸರಿಮಾಡದ ಆ ಚಿತ್ರದಲ್ಲಿ C ಕಾಲಂನ ನಾಲ್ಕೂ ಸೆಲ್ ಕೆಂಪು. 4.0 ಫ್ಯಾಟ್ ಇದ್ದವರೂ ಕೆಂಪು! A ಕಾಲಂನಲ್ಲಿ ಮಾತ್ರ 102 ಮತ್ತು 104 ಕೆಂಪು, ಅಂದರೆ ಸರಿಯಾಗಿಯೇ ಇದೆ. B4, B5 ಕೆಂಪು. D ಕಾಲಂನಲ್ಲಿ D3ರಿಂದ ಕೆಳಗೆ ಎಲ್ಲ ಕೆಂಪು.

ಮೊದಲ ಕಾಲಂ ಸರಿ, ಬಲಕ್ಕೆ ಹೋದಂತೆ ಅಡ್ಡಾದಿಡ್ಡಿ. ಹೀಗಿದ್ದರೆ ಕಾಲಂಗೆ ಬೀಗ ಹಾಕಿಲ್ಲ ಅಂತಲೇ ಮೊದಲು ಅನುಮಾನಿಸಿ. A2ರಿಂದ D5ರವರೆಗಿನ ಜಾಗಕ್ಕೆ ಅವರು ಕೊಟ್ಟಿದ್ದ ನಿಯಮ ಇದು:

```
=C2<$F$2
```

ನಿಯಮ ಬರೆಯುವುದು ಎಡ ಮೇಲಿನ ಸೆಲ್‌ಗೆ, ಅಂದರೆ A2ಗೆ. ಉಳಿದ ಸೆಲ್‌ಗಳಿಗೆ ಅದು ಎಳೆದ ಫಾರ್ಮುಲಾದಂತೆಯೇ ಸರಿಯುತ್ತದೆ. A2 ನೋಡುವುದು C2ನ್ನು, ಸರಿ. B2 ನೋಡುವುದು D2ನ್ನು, ಅಂದರೆ ಹಣವನ್ನು. D4, D5ರಲ್ಲಿ ಸೊನ್ನೆ ಇತ್ತಲ್ವಾ, ಅದಕ್ಕೇ B4, B5 ಕೆಂಪಾದವು. C2 ನೋಡುವುದು E2ನ್ನು. E ಪೂರ್ತಿ ಖಾಲಿ, ಸೊನ್ನೆಯ ಲೆಕ್ಕ, 3.5ಕ್ಕಿಂತ ಕಡಿಮೆ. ಹಾಗಾಗಿ C ಪೂರ್ತಿ ಕೆಂಪು. D2 ನೋಡುವುದು F2ನ್ನು, 3.5 ಎಂಬುದು 3.5ಕ್ಕಿಂತ ಕಡಿಮೆ ಅಲ್ಲ, ಹಾಗಾಗಿ ಅದೊಂದು ಬಿಳಿ ಉಳಿಯಿತು. ಅದರ ಕೆಳಗೆ F ಖಾಲಿ, ಮತ್ತೆ ಕೆಂಪು.

ಬೇಕಾದದ್ದು ಇದು:

```
=$C2<$F$2
```

C ಹಿಂದೆ ಡಾಲರ್, 2ರ ಹಿಂದೆ ಬೇಡ. ಸಾಲಿನ ಯಾವ ಸೆಲ್ ಕೇಳಿದರೂ C ಕಾಲಂ ನೋಡು, ಆದರೆ ಅವರವರ ಸಾಲಿನಲ್ಲೇ ನೋಡು ಅಂತ ಅರ್ಥ. ಇಲ್ಲೂ $C$2 ಅಂತ ಪೂರ್ತಿ ಬೀಗ ಹಾಕಿದರೆ ಎಲ್ಲರೂ 101ನೇ ಸದಸ್ಯರ ಫ್ಯಾಟನ್ನೇ ನೋಡುತ್ತಾರೆ. ಒಂದೋ ಶೀಟ್ ಪೂರ್ತಿ ಕೆಂಪು, ಇಲ್ಲವೋ ಒಂದೂ ಕೆಂಪಿಲ್ಲ.

ನಿಯಮ ಬದಲಿಸಲು ಎಕ್ಸೆಲ್‌ನಲ್ಲಿ Home, Conditional Formatting, Manage Rules ಒತ್ತಬೇಕು. ಗೂಗಲ್ ಶೀಟ್ಸ್‌ನಲ್ಲಾದರೆ Format, ಆಮೇಲೆ Conditional formatting. ಎಕ್ಸೆಲ್‌ನ Applies to ಡಬ್ಬಿಯನ್ನೂ ಒಮ್ಮೆ ನೋಡಿ. ಅಲ್ಲಿ A2 ಬದಲು A1ರಿಂದ ಶುರುವಾಗಿ ನಿಯಮದಲ್ಲಿ ಮಾತ್ರ $C2 ಇದ್ದರೆ ಬಣ್ಣ ಒಂದು ಸಾಲು ಮೇಲೆ ಬೀಳುತ್ತದೆ. 102ರವರ ಫ್ಯಾಟ್ ಕಡಿಮೆ ಬಂದರೆ 101ರವರು ಕೆಂಪಾಗುತ್ತಾರೆ!

ಚಿತ್ರದಿಂದ ಗೊತ್ತಾಗದ ಒಂದು ವಿಷಯವೂ ಇದೆ. ಪೇಂಟ್ ಡಬ್ಬಿಯ ಗುರುತು ಒತ್ತಿ ಕೈಯಾರೆ ಹಚ್ಚಿದ ಕೆಂಪೂ ನಿಯಮದಿಂದ ಬಂದ ಕೆಂಪೂ ನೋಡಲು ಒಂದೇ. ನಿಯಮ ಸರಿಮಾಡಿದ ಮೇಲೂ ಅನುಮಾನ ಇದ್ದರೆ ಫ್ಯಾಟ್ ಅಂಕಿಯನ್ನು 5 ಮಾಡಿ ನೋಡಲು ಹೇಳಿ. ಆಮೇಲೂ ಬಣ್ಣ ಹೋಗದಿದ್ದರೆ ಅದು ಕೈಯಾರೆ ಹಚ್ಚಿದ್ದು. ಫಾರ್ಮುಲಾಗಳೆಲ್ಲ ಒಟ್ಟಿಗೆ ಬೇಕಿದ್ದರೆ ಕಂಟ್ರೋಲ್ ಕೀ ಜೊತೆ ` ಒತ್ತಿ (1ರ ಎಡಕ್ಕೆ ಇರುವ ಕೀ) ಇನ್ನೊಂದು ಸ್ಕ್ರೀನ್‌ಶಾಟ್ ತೆಗೆಯಲು ಹೇಳಿ. ಆಗ ಪ್ರತಿ ಸೆಲ್‌ನಲ್ಲೂ ಉತ್ತರದ ಬದಲು ಫಾರ್ಮುಲಾ ಕಾಣುತ್ತದೆ.

ಮರುದಿನ ಇನ್ನೊಂದು ಚಿತ್ರ ಬಂತು. ಎಲ್ಲ ಸರಿಯಾಗಿತ್ತು. ಹೊಸದಾಗಿ ಸೇರಿಸಿದ ಆರನೇ ಸಾಲು ಮಾತ್ರ, ಎಲ್ಲರಿಗಿಂತ ಕಡಿಮೆ ಫ್ಯಾಟ್ ಇದ್ದರೂ, ಬೆಳ್ಳಗೆ ಉಳಿದಿತ್ತು. ನಿಯಮವನ್ನು ಆ ಸಾಲಿಗೂ ಹಬ್ಬಿಸಿದ್ದೇನೆ ಅಂತ ಚಿಕ್ಕಪ್ಪ ಆಣೆ ಮಾಡಿದರು. ಚಿತ್ರ ದೊಡ್ಡದು ಮಾಡಿ ನೋಡಿದೆ. ಉಳಿದ ಫ್ಯಾಟ್ ಅಂಕಿಗಳು ಸೆಲ್‌ನ ಬಲಕ್ಕೆ ಅಂಟಿದ್ದವು, ಇದೊಂದು ಎಡಕ್ಕೆ. ಹಾಗಿದ್ದರೆ ಎಕ್ಸೆಲ್ ಅದನ್ನು ಅಂಕಿ ಅಂತಲ್ಲ, ಬರಹ ಅಂತ ತಿಳಿದಿದೆ. ಬರಹ ಯಾವತ್ತೂ ಅಂಕಿಗಿಂತ ದೊಡ್ಡದು ಅನ್ನೋದು ಅದರ ಲೆಕ್ಕ, ಹಾಗಾಗಿ 3.5ಕ್ಕಿಂತ ಕಡಿಮೆ ಆಗೋ ಪ್ರಶ್ನೆಯೇ ಇಲ್ಲ. C6ರಲ್ಲಿ ಚಿಕ್ಕಪ್ಪ ಬರೆದಿದ್ದು: "3.1 ನೀರು".

ಷರಾ ಬರೆಯಲು ಪಕ್ಕದಲ್ಲಿ ಬೇರೆ ಕಾಲಂ ಮಾಡಿಕೊಳ್ಳಿ ಅಂದೆ. "ಬೇಡಪ್ಪ, ಅದು ಎಲ್ಲರಿಗೂ ಕಾಣುತ್ತೆ" ಅಂದರು.